ಒಂದೇ ರೊಟ್ಟಿಗೆ ಎರಡು ಲಿಪಿ

ಆಳಂದದ ಒಂದು ಡಿಟಿಪಿ ಅಂಗಡಿಯಲ್ಲಿ ನಾನು ಕೆಲಸಕ್ಕಿದ್ದಾಗ ಕೈಗೆ ಹೆಚ್ಚಾಗಿ ಬರುತ್ತಿದ್ದದ್ದು ಲಗ್ನಪತ್ರಿಕೆ. ನಮ್ಮದು ಗಡಿ ತಾಲ್ಲೂಕು. ಹೆಣ್ಣು ಇಲ್ಲಿಯದಾದರೆ ಗಂಡು ಅಕ್ಕಲಕೋಟದ್ದೋ ಉಮರ್ಗಾದ್ದೋ ಇರುತ್ತದೆ. ಹೀಗಾಗಿ ಪತ್ರಿಕೆಯ ಒಂದು ಮಗ್ಗುಲಿಗೆ ಕನ್ನಡ, ಇನ್ನೊಂದು ಮಗ್ಗುಲಿಗೆ ಮರಾಠಿ ಅಥವಾ ಇಂಗ್ಲಿಷ್ ಹಾಕುತ್ತಿದ್ದೆವು. ಓದುವವರು ತಮಗೆ ಬೇಕಾದ ಮಗ್ಗುಲು ತಿರುಗಿಸಿಕೊಂಡು ಓದುತ್ತಿದ್ದರು. ಎರಡು ಭಾಷೆ ಇದ್ದರೂ ಆ ಕಾಗದ ಯಾರಿಗೂ ಗಿಜಿಗಿಜಿ ಅನ್ನಿಸುತ್ತಿರಲಿಲ್ಲ, ಯಾಕೆಂದರೆ ಒಂದು ಸಲಕ್ಕೆ ಒಂದೇ ಭಾಷೆ ಕಣ್ಣಿಗೆ ಬೀಳುತ್ತಿತ್ತು.

ಮೊಬೈಲಿನ ಪೋಸ್ಟಿಗೆ ಇರುವುದು ಒಂದೇ ಮಗ್ಗುಲು. ಅಂಗಡಿಯವರಿಗಾಗಿ ಇನ್‌ಸ್ಟಾಗ್ರಾಮಿಗೂ ವಾಟ್ಸಾಪ್ ಸ್ಟೇಟಸ್ಸಿಗೂ ಬರೆದುಕೊಡುವ ಕೆಲಸ ಶುರುವಾದಾಗ ನನ್ನೆದುರಿಗೆ ಬಂದ ತೊಡಕೆಲ್ಲ ಇದರಿಂದಲೇ ಹುಟ್ಟಿದ್ದು. ಒಂದೇ ಚಿತ್ರ, ಅದರ ಕೆಳಗೆ ಒಂದೇ ತುಂಡು ಬರಹ. ಅದನ್ನು ಊರಿನವರೂ ಓದಬೇಕು, ಊರು ಬಿಟ್ಟು ಪುಣೆ, ಹೈದರಾಬಾದ್, ಬೆಂಗಳೂರು ಸೇರಿದವರ ಮಕ್ಕಳೂ ಓದಬೇಕು. ಆ ಮಕ್ಕಳು ಮನೆಯಲ್ಲಿ ಕನ್ನಡವನ್ನೇ ಆಡುತ್ತಾರೆ, ಆದರೆ ಕನ್ನಡದ ಅಕ್ಷರವನ್ನು ಒಂದೊಂದಾಗಿ ಕೂಡಿಸಿ ಓದುತ್ತಾರೆ.

ಮೊದಲು ಬರೆದುಕೊಟ್ಟದ್ದು ನಮ್ಮ ಸಂಬಂಧದಲ್ಲೇ ಒಬ್ಬ ಅಕ್ಕನ ರೊಟ್ಟಿ ಕೇಂದ್ರಕ್ಕೆ. ಓಣಿಯ ನಾಲ್ಕಾರು ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು ಅಕ್ಕ ಜೋಳದ ಖಡಕ್ ರೊಟ್ಟಿ, ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಶೇಂಗಾ ಹೋಳಿಗೆ ಮಾಡಿಸುತ್ತಿದ್ದಳು. ಅವಳ ಪೋಸ್ಟುಗಳನ್ನು ಅಲ್ಲಿಯವರೆಗೆ ಬೇರೊಬ್ಬರು ಮಾಡಿಕೊಡುತ್ತಿದ್ದರು. ಅವು ಈ ನಮೂನೆಯಲ್ಲಿರುತ್ತಿದ್ದವು:

```
ಶುಭ ಸುದ್ದಿ / GOOD NEWS
ನಮ್ಮಲ್ಲಿ ಖಡಕ್ ರೊಟ್ಟಿ ದೊರೆಯುತ್ತದೆ / KADAK ROTTI AVAILABLE HERE
ಬೆಲೆ / PRICE : 10ಕ್ಕೆ ₹80 / Rs.80 FOR 10
ಸ್ಥಳ / PLACE : ಆಳಂದ / ALAND
```

ಇದರಲ್ಲಿ ತಪ್ಪು ಮಾಹಿತಿ ಒಂದೂ ಇಲ್ಲ, ಆದರೂ ಯಾರೂ ಓದುತ್ತಿರಲಿಲ್ಲ. ಓದುತ್ತಿಲ್ಲ ಅನ್ನುವುದು ಗೊತ್ತಾಗಿದ್ದು ಅಕ್ಕನ ಫೋನಿನಿಂದ. ಪೋಸ್ಟಿನಲ್ಲಿ ದರ ಬರೆದಿದ್ದರೂ "ಎಷ್ಟಕ್ಕ ಕೊಡ್ತೀರಿ?" ಎಂದು ಕೇಳುತ್ತಿದ್ದರು, ಊರು ಬರೆದಿದ್ದರೂ "ಎಲ್ಲಿ ಬರ್ತದ್ರಿ ನಿಮ್ಮ ಅಂಗಡಿ?" ಎಂದು ಕೇಳುತ್ತಿದ್ದರು. ಅಂದಿನಿಂದ ನಾನು ಹಿಡಿದ ಪರೀಕ್ಷೆ ಇದೊಂದೇ. ಬರೆದಿರುವ ವಿಷಯವನ್ನೇ ಮಂದಿ ಮತ್ತೆ ಫೋನು ಮಾಡಿ ಕೇಳಿದರೆ ಅದು ಬರಹದೊಳಗೆ ಎಲ್ಲೋ ಮುಚ್ಚಿಹೋಗಿದೆ ಎಂದು ಅರ್ಥ. ಎಷ್ಟು ಮಂದಿ ಲೈಕ್ ಒತ್ತಿದರು ಅನ್ನುವುದರಿಂದ ಇದು ತಿಳಿಯುವುದಿಲ್ಲ.

ಆ ಬರಹದಲ್ಲಿ ಕಣ್ಣಿಗೆ ದಣಿವು ತರುವುದು ನಡುವೆ ನಡುವೆ ಬಿದ್ದ ಓರೆಗೆರೆ. ಪ್ರತಿ ಅರ್ಧ ಸಾಲಿಗೆ ಲಿಪಿ ಬದಲಾಗುತ್ತದೆ. ಕನ್ನಡ ಓದುವವರು ಅರ್ಧ ಓದಿ, ಉಳಿದರ್ಧ ದಾಟಿ, ಮುಂದಿನ ಸಾಲಿನ ತಲೆ ಹಿಡಿಯಬೇಕು. ಇಂಗ್ಲಿಷ್ ಓದುವವರು ಪ್ರತಿ ಸಾಲಿನ ನಡುವಿನಿಂದ ಶುರು ಮಾಡಬೇಕು. ಸಣ್ಣ ಪರದೆಯಲ್ಲಿ ಸಾಲು ಮುರಿದು ಕೆಳಗಿಳಿದಾಗ ಇಂಗ್ಲಿಷಿನ ಬಾಲ ಒಂದು ಸಾಲಿಗೆ, ತಲೆ ಇನ್ನೊಂದು ಸಾಲಿಗೆ ಹೋಗುತ್ತದೆ. ಆದ್ದರಿಂದ ಮೊದಲು ಓರೆಗೆರೆ ತೆಗೆದೆ. ಕನ್ನಡವೆಲ್ಲ ಒಂದೆಡೆ, ನಡುವೆ ಒಂದು ಖಾಲಿ ಸಾಲು, ಅದರ ಕೆಳಗೆ ಇಂಗ್ಲಿಷ್ ಎಲ್ಲ ಒಂದೆಡೆ. ಲಗ್ನಪತ್ರಿಕೆಯ ಎರಡು ಮಗ್ಗುಲನ್ನು ಮೇಲೆ ಕೆಳಗೆ ಇಟ್ಟಂತಾಯಿತು.

ಅಷ್ಟಕ್ಕೇ ಗಿಜಿಗಿಜಿ ಹೋಗಲಿಲ್ಲ, ಬರಹದ ಉದ್ದ ಹಾಗೆಯೇ ಉಳಿಯಿತು. ಕನ್ನಡದಲ್ಲಿ ಹೇಳಿದ್ದನ್ನೆಲ್ಲ ಇಂಗ್ಲಿಷಿನಲ್ಲಿ ಮತ್ತೆ ಹೇಳಿದರೆ ಎಂಥ ಚೆಂದದ ಪೋಸ್ಟೂ ದುಪ್ಪಟ್ಟಾಗುತ್ತದೆ. ಒಂದು ಸಂಜೆ ಅಕ್ಕನ ಜೊತೆ ಕೂತು, ಆ ವಾರ ಯಾರು ಯಾರು ಫೋನು ಮಾಡಿದರು, ಏನೇನು ಕೇಳಿದರು ಎಂದು ಒಂದು ಹಾಳೆಯಲ್ಲಿ ಬರೆದುಕೊಂಡೆ.

"ನಮ್ಮೂರ ಮಂದಿ ಖಡಕ್ ರೊಟ್ಟಿ ಅಂದ್ರ ಏನಂತ ಯಾಕ ಕೇಳ್ತಾರ ತಮ್ಮಾ? ಅವರು ಕೇಳೋದು, ಇವತ್ತ ಬಡಿದದ್ದ ಅದನೋ ನಿನ್ನಿದ ಅದನೋ ಅಂತ," ಎಂದಳು ಅಕ್ಕ. "ಪುಣೇದವರು ಹಂಗ ಕೇಳಂಗಿಲ್ಲ. ಅವರದು ಒಂದ ಮಾತು, ಎಷ್ಟು ದಿವಸ ಇರ್ತದ, ಕಳಸ್ತೀರೇನು ಅಂತ."

ನನಗೆ ಬೇಕಾದ ದಾರಿ ಈ ಮಾತಿನಲ್ಲೇ ಸಿಕ್ಕಿತು. ಎರಡು ಭಾಷೆಯ ಓದುಗರು ಕೇಳುವ ಪ್ರಶ್ನೆಯೇ ಬೇರೆ ಆಗಿರುವಾಗ ಉತ್ತರ ಒಂದೇ ಯಾಕಿರಬೇಕು? ಕನ್ನಡದ ಸಾಲು ಇವತ್ತಿನ ಸುದ್ದಿ ಹೇಳಲಿ. ರೊಟ್ಟಿ ಬಡಿದದ್ದು ಯಾವತ್ತು, ಹಬ್ಬ ಯಾವುದು, ಮೊದಲೇ ಹೇಳಿಡಬೇಕೋ ಬೇಡವೋ ಅನ್ನುವುದೆಲ್ಲ ಅದಕ್ಕೆ ಸೇರಿದ್ದು. ಇಂಗ್ಲಿಷಿನ ಸಾಲು ಪದಾರ್ಥ ಏನು, ಎಷ್ಟು ದಿನ ಇರುತ್ತದೆ, ಹೇಗೆ ತರಿಸಿಕೊಳ್ಳಬೇಕು ಎಂದು ಹೇಳಲಿ. ಒಂದನ್ನು ಇನ್ನೊಂದಕ್ಕೆ ಅನುವಾದಿಸುವ ಕೆಲಸವೇ ಬೇಡ. ಇಬ್ಬರಿಗೂ ಸೇರಿದ್ದು ಅಂದರೆ ಅಂಕಿ ಮಾತ್ರ. ದರವನ್ನು ಕೊನೆಗೆ ಒಂದೇ ಸಲ ಬರೆದರೆ ಸಾಕು.

ಅಂಕಿಯ ವಿಷಯದಲ್ಲಿ ನಾನು ಬಹಳ ಯೋಚಿಸಿದ್ದೇನೆ. ಕನ್ನಡದ ಅಂಕಿಗಳು ನನಗೆ ಪ್ರೀತಿ, ಲಗ್ನಪತ್ರಿಕೆಯಲ್ಲಿ ಮುಹೂರ್ತದ ಹೊತ್ತನ್ನು ಅವುಗಳಲ್ಲೇ ಕೂಡಿಸುತ್ತಿದ್ದೆ. ಆದರೆ ದರವನ್ನು ಕನ್ನಡದ ಅಂಕಿಯಲ್ಲಿ ಬರೆದರೆ ಇಂಗ್ಲಿಷಿನಲ್ಲಿ ಮತ್ತೊಮ್ಮೆ ಬರೆಯಬೇಕಾಗುತ್ತದೆ. ನಮ್ಮ ನೋಟಿನ ಹಿಂಬದಿಯ ಪಟ್ಟಿಯಲ್ಲಿ ಮೊತ್ತವನ್ನು ಕನ್ನಡವೂ ಸೇರಿ 15 ಭಾಷೆಗಳಲ್ಲಿ ಅಕ್ಷರದಲ್ಲಿ ಬರೆದಿದ್ದಾರೆ, ಆದರೆ ಸಂತೆಯಲ್ಲಿ ಎಲ್ಲರೂ ನೋಡುವುದು ದೊಡ್ಡದಾಗಿ ಅಚ್ಚಾದ ಅಂಕಿಯನ್ನೇ. ಅಂಗಡಿಯ ಪೋಸ್ಟಿಗೂ ಅಷ್ಟೇ ಸಾಕು.

ಆದರೆ ದರ ಒಂದೇ ಸಲ ಬರೆಯಲು ಹೋದಾಗ ಒಂದು ಗಂಟು ಬಿತ್ತು. ರೊಟ್ಟಿ, ಹಿಂಡಿ, ಹೋಳಿಗೆ ಮೂರರ ದರವನ್ನೂ ಬರೆಯಬೇಕೆಂದರೆ ಯಾವುದು ಯಾವುದರ ದರ ಎಂದು ಹೆಸರು ಹಾಕಬೇಕು, ಹೆಸರು ಹಾಕಿದರೆ ಮತ್ತೆ ಎರಡೂ ಲಿಪಿ ಬಂತು, ಓರೆಗೆರೆಯೂ ಬಂತು. ಎರಡು ರೀತಿ ಮಾಡಿ ನೋಡಿದೆವು. ಒಂದು, ದರದ ಚೀಟಿಯನ್ನು ಫೋಟೋದಲ್ಲೇ ಪದಾರ್ಥದ ಪಕ್ಕ ನಿಲ್ಲಿಸುವುದು. ರೊಟ್ಟಿಯ ಥಪ್ಪಿಯ ಮುಂದೆ ₹80, ಹಿಂಡಿಯ ಬೋಗುಣಿಯ ಮುಂದೆ ₹90. ಹೆಸರಿನ ಕೆಲಸವನ್ನು ಪದಾರ್ಥವೇ ಮಾಡಿತು, ಭಾಷೆ ಬೇಕಾಗಲಿಲ್ಲ. ಚೆಂದವೂ ಇತ್ತು. ಆದರೆ ಜೋಳದ ದರ ಏರಿ ರೊಟ್ಟಿಯ ದರವನ್ನೂ ಏರಿಸಬೇಕಾದಾಗ ಹಳೆಯ ಫೋಟೋ ಹಾಗೆಯೇ ಓಡಾಡುತ್ತಿತ್ತು, ಅದನ್ನು ತೋರಿಸಿ ಹಳೆಯ ದರಕ್ಕೇ ಕೊಡಿ ಎಂದು ಕೇಳುವವರೂ ಬಂದರು. ಹಾಕಿದ ಮೇಲೆ ಬರಹವನ್ನು ತಿದ್ದಬಹುದು, ಚಿತ್ರದೊಳಗಿನ ಚೀಟಿಯನ್ನು ತಿದ್ದಲಾಗುವುದಿಲ್ಲ. ಇನ್ನೊಂದು ರೀತಿ, ಒಂದು ಪೋಸ್ಟಿಗೆ ಒಂದೇ ಪದಾರ್ಥ. ಇದು ನಿಂತಿತು. ಪದಾರ್ಥ ಒಂದೇ ಆದ ಮೇಲೆ ದರದ ಸಾಲಿಗೆ ಹೆಸರೇ ಬೇಡ.

ಹೀಗೆ ಕಳೆದು ಕಳೆದು ಉಳಿದದ್ದು, ಎಳ್ಳ ಅಮಾವಾಸ್ಯೆಯ ಮುಂಚಿನ ಒಂದು ಪೋಸ್ಟಿನಲ್ಲಿ, ಇಷ್ಟು:

```
ಇವತ್ತ ಬಡಿದ ಖಡಕ್ ರೊಟ್ಟಿ. ಎಳ್ಳಮಾಸಿ ಬುತ್ತಿಗೆ ಈಗಲೇ ಹೇಳಿಡ್ರಿ.

Crisp jowar bhakri, hand-patted. Keeps for weeks. We courier.

10 = ₹80
#kadakrotti #jowarbhakri #aland #gulbarga
```

ಇದನ್ನು ಸಾಲು ಸಾಲಾಗಿ ಬಿಡಿಸಿ ಹೇಳಬೇಕು, ಪ್ರತಿ ಸಾಲಿಗೂ ಒಂದು ಕಾರಣವಿದೆ.

ಮೊದಲ ಸಾಲು ಅಕ್ಕನ ಬಾಯಿಂದ ಬಂದ ಹಾಗೆ ಇದೆ. ಮೊದಲಿದ್ದ ಬರಹವನ್ನು ಅಕ್ಕ ಒಮ್ಮೆ ಗಟ್ಟಿಯಾಗಿ ಓದಿ, "ಇದು ಆಫೀಸಿನ ನೋಟಿಸ್ ಇದ್ದಂಗ ಅದ ನೋಡು," ಎಂದಿದ್ದಳು. "ಗ್ರಾಹಕ ಬಂಧುಗಳು ಮುಂಗಡವಾಗಿ ಕಾಯ್ದಿರಿಸಿಕೊಳ್ಳಬೇಕಾಗಿ ವಿನಂತಿ" ಎಂದು ಬರೆದರೆ ಅರ್ಧ ಪರದೆ ತುಂಬುತ್ತದೆ, "ಈಗಲೇ ಹೇಳಿಡ್ರಿ" ಎರಡೇ ಪದ. ಬರಹಕ್ಕೆ ಬರಬೇಕಾದ ಕನ್ನಡ ಪುಸ್ತಕದ್ದೇ ಆಗಿರಬೇಕು ಅನ್ನುವ ಹಟ ಬಿಟ್ಟರೆ ನಮ್ಮ ಕಡೆಯ ಮಾತು ಚಿಕ್ಕದು, ಚುರುಕು. ಎಳ್ಳಮಾಸಿಯ ದಿನ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಭಜ್ಜಿ, ಸಜ್ಜಿ ಕಡುಬು, ರೊಟ್ಟಿ ಉಣ್ಣುವುದು ನಮ್ಮವರಿಗೆ ಗೊತ್ತಿದ್ದದ್ದೇ. ಬುತ್ತಿ ಅಂದರೆ ಸಾಕು, ಉಳಿದದ್ದು ಅವರಿಗೆ ತಾನೇ ತಿಳಿಯುತ್ತದೆ. ಅದನ್ನು ಇಂಗ್ಲಿಷಿನಲ್ಲಿ ವಿವರಿಸಲು ಹೊರಟರೆ ನಾಲ್ಕು ಸಾಲು ಬೇಕು, ಪುಣೆಯಲ್ಲಿ ಕೂತು ರೊಟ್ಟಿ ತರಿಸಿಕೊಳ್ಳುವವರಿಗೆ ಆ ನಾಲ್ಕು ಸಾಲಿನಿಂದ ಆಗಬೇಕಾದ್ದು ಏನೂ ಇಲ್ಲ.

ಆ ಸಾಲು ಮೊದಲೇ ಯಾಕೆ ಬರಬೇಕು ಅನ್ನುವುದಕ್ಕೆ ಪರದೆಯ ಕಾರಣವೂ ಇದೆ. ಇನ್‌ಸ್ಟಾಗ್ರಾಮಿನಲ್ಲಿ ಕ್ಯಾಪ್ಶನ್ 2,200 ಅಕ್ಷರದವರೆಗೆ ಬರೆಯಬಹುದು, ಆದರೆ ಬೆರಳಾಡಿಸುತ್ತ ಹೋಗುವವರಿಗೆ ಕಾಣುವುದು ಮೊದಲ ಒಂದೆರಡು ಸಾಲು. ಸುಮಾರು 125 ಅಕ್ಷರ ಎಂದು ಲೆಕ್ಕ ಹೇಳುತ್ತಾರೆ. ಉಳಿದದ್ದೆಲ್ಲ `more` ಎಂಬುದರ ಹಿಂದೆ ಇರುತ್ತದೆ. ಈ ಲೆಕ್ಕದಲ್ಲಿ ಕನ್ನಡದ ಗುಣಿತದ ಗುರುತೂ ಒತ್ತಿನ ಗುರುತೂ ಬೇರೆ ಬೇರೆಯಾಗಿ ಎಣಿಕೆಯಾಗುತ್ತವೆ. ನಾವು "ರೊಟ್ಟಿ"ಯಲ್ಲಿ ಎರಡು ಅಕ್ಷರ ಅನ್ನುತ್ತೇವೆ, ಯಂತ್ರ ಆರು ಎಣಿಸುತ್ತದೆ. ಮೇಲಿನ ಕನ್ನಡದ ಸಾಲು ಯಂತ್ರದ ಲೆಕ್ಕದಲ್ಲಿ 56. ಕನ್ನಡದ ಅಕ್ಷರ ಅಗಲವೂ ಹೌದು, ಹೀಗಾಗಿ ಪರದೆಯ ಒಂದು ಸಾಲಿಗೆ ಕೂರುವ ಪದಗಳೂ ಕಡಿಮೆ. ಹಬ್ಬದ ಶುಭಾಶಯ, ಅಂಗಡಿಯ ಹೆಸರು, ಗ್ರಾಹಕರಿಗೆ ನಮಸ್ಕಾರ ಇವುಗಳಿಂದ ಶುರು ಮಾಡಿದರೆ ಸುದ್ದಿ ಬರುವ ಹೊತ್ತಿಗೆ ಜಾಗ ಮುಗಿದಿರುತ್ತದೆ.

ಹಾಗಾದರೆ ಇಂಗ್ಲಿಷಿನವರ ಪಾಡೇನು? ಅವರ ಸಾಲು ಹೆಚ್ಚಿನ ಫೋನಿನಲ್ಲಿ `more` ಒತ್ತಿದ ಮೇಲೆಯೇ ಕಾಣುತ್ತದೆ. ಅವರು ಒತ್ತುವ ಹಾಗೆ ಮಾಡಲು ನಾನು ಚಿತ್ರವನ್ನು ಬಳಸಿಕೊಂಡೆ. ಕ್ಯಾಪ್ಶನ್ ಕನ್ನಡದಿಂದ ಶುರುವಾಗುವಾಗ ಚಿತ್ರದ ಒಂದು ಮೂಲೆಯಲ್ಲಿ ಸಣ್ಣದಾಗಿ `Jowar bhakri` ಎಂದು ಎರಡೇ ಪದ. ಚಿತ್ರದ ಮೇಲೆ ಬೇರೆ ಏನೂ ಇಲ್ಲ. ಎರಡೂ ಲಿಪಿ ಮೊದಲ ನೋಟಕ್ಕೇ ಕಾಣುತ್ತವೆ, ಆದರೆ ಬೇರೆ ಬೇರೆ ಜಾಗದಲ್ಲಿ ಇರುವುದರಿಂದ ಒಂದರ ಮೇಲೊಂದು ಬೀಳುವುದಿಲ್ಲ.

ಇಂಗ್ಲಿಷಿನ ಸಾಲಿನಲ್ಲಿ ಭಾಕ್ರಿ ಎಂದು ಬರೆದದ್ದನ್ನು ನೋಡಿ ಕೆಲವರು ಆಕ್ಷೇಪ ಎತ್ತಿದರು. ನಮ್ಮ ರೊಟ್ಟಿಯನ್ನು ಮರಾಠಿಯ ಹೆಸರಿನಿಂದ ಯಾಕೆ ಕರೆಯಬೇಕು ಎಂದರು. ಅವರ ಅಭಿಮಾನ ನನಗೆ ಅರ್ಥವಾಗುತ್ತದೆ. ಆದರೆ ಆ ಸಾಲು ಕನ್ನಡ ಓದುವವರಿಗಲ್ಲ. ಅದನ್ನು ಓದುವವರಲ್ಲಿ ಬಹುಪಾಲು ಸೊಲ್ಲಾಪುರ, ಪುಣೆಯ ಕಡೆಯವರು. ಅವರು ಹುಡುಕುವ ಹೆಸರೂ ಅದೇ, ಅವರಿಗೆ ಕಣ್ಣಿಗೆ ಕಟ್ಟುವ ಹೆಸರೂ ಅದೇ. ರೊಟ್ಟಿ ಎಂಬ ಹೆಸರು ಕನ್ನಡದ ಸಾಲಿನಲ್ಲಿ ಮೊದಲೇ ಗಟ್ಟಿಯಾಗಿ ನಿಂತಿದೆ. ಹಿಂಡಿಯ ವಿಷಯದಲ್ಲಿ ಇದಕ್ಕಿಂತ ಹೆಚ್ಚಿನ ಕಾರಣವಿತ್ತು. ಮೈಸೂರು ಕಡೆಯ ಕನ್ನಡಿಗರಿಗೆ ಹಿಂಡಿ ಅಂದರೆ ದನಕ್ಕೆ ಹಾಕುವುದು, ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಅದು ಹಿಂದಿ ಭಾಷೆಯ ಹೆಸರಾಗುತ್ತದೆ. ಹೀಗಾಗಿ ಶೇಂಗಾ ಹಿಂಡಿಯ ಪೋಸ್ಟಿನಲ್ಲಿ ಕನ್ನಡದ ಸಾಲಿಗೆ ಹಿಂಡಿ, ಇಂಗ್ಲಿಷಿನ ಸಾಲಿಗೆ `peanut chutney powder`. ಬೆಂಗಳೂರಿನ ಕನ್ನಡಿಗರೂ ಪದಾರ್ಥ ಯಾವುದೆಂದು ಇಂಗ್ಲಿಷಿನ ಸಾಲಿನಿಂದಲೇ ತಿಳಿದುಕೊಂಡರು.

ಫೋನ್ ನಂಬರ್ ಇಲ್ಲಿ ಇಲ್ಲ. ಇನ್‌ಸ್ಟಾಗ್ರಾಮಿನ ಕ್ಯಾಪ್ಶನ್ನಿನಲ್ಲಿ ಬರೆದ ಲಿಂಕನ್ನು ಒತ್ತಿದರೆ ತೆರೆದುಕೊಳ್ಳುವುದಿಲ್ಲ, ನಂಬರನ್ನೂ ಓದಿ ಬೇರೆ ಕಡೆ ಒತ್ತಿಕೊಳ್ಳಬೇಕು. ಪ್ರತಿ ಪೋಸ್ಟಿಗೂ ನಂಬರ್, ವಿಳಾಸ, ಅಂಗಡಿ ತೆರೆಯುವ ಹೊತ್ತು ಹಾಕುವುದರಿಂದ ಸಾಲು ಹೆಚ್ಚಾಯಿತೇ ಹೊರತು ಫೋನು ಹೆಚ್ಚಲಿಲ್ಲ. ಅವೆಲ್ಲ ಮೇಲೆ ಅಂಗಡಿಯ ಬಯೋದಲ್ಲಿ ಒಂದು ಸಲ ಇದ್ದರೆ ಸಾಕು, ಅಲ್ಲಿ ಒತ್ತಲು ಗುಂಡಿಯೂ ಇರುತ್ತದೆ. ವಾಟ್ಸಾಪಿನಲ್ಲಿ ಮಾತ್ರ ಇದು ತಿರುವುಮುರುವು. ಒಂದು ಗುಂಪಿನಿಂದ ಇನ್ನೊಂದು ಗುಂಪಿಗೆ ಸಂದೇಶ ಸಾಗುತ್ತ ಹೋದಾಗ ಯಾರ ಅಂಗಡಿ ಎಂಬುದೇ ತಪ್ಪಿಹೋಗುತ್ತದೆ. ಅಲ್ಲಿ ನಂಬರ್ ಬರೆದರೆ ಅದನ್ನು ಒತ್ತಿಯೇ ಕರೆ ಮಾಡಬಹುದು ಕೂಡ. ಆದ್ದರಿಂದ ವಾಟ್ಸಾಪಿಗೆ ಕಳಿಸುವಾಗ ಹ್ಯಾಶ್‌ಟ್ಯಾಗಿನ ಸಾಲು ತೆಗೆದು ಆ ಜಾಗಕ್ಕೆ ಊರು ಮತ್ತು ನಂಬರ್ ಹಾಕುತ್ತಿದ್ದೆ.

ಹ್ಯಾಶ್‌ಟ್ಯಾಗು ನಾಲ್ಕೇ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವವರು ನಮ್ಮಲ್ಲಿ ಬಹಳ. ವಾಟ್ಸಾಪ್ ತುಂಬ ಅದೇ ಬರಹ. ಅವರಿಗಾಗಿ ಮೂರನೇ ತುಂಡೊಂದನ್ನು ಬರೆಯಬೇಕೆಂದು ಅಕ್ಕನ ಮಗ ಒತ್ತಾಯಿಸಿದ. ಅದನ್ನು ನಾನು ಒಪ್ಪಲಿಲ್ಲ. ಹಾಗೆ ಬರೆದ ಕನ್ನಡವನ್ನು ಬಿಡಿಸಿ ಓದುವುದಕ್ಕೆ ಕನ್ನಡದ ಲಿಪಿಗಿಂತ ಹೆಚ್ಚು ಹೊತ್ತು ಬೇಕು, ಪೋಸ್ಟಿನ ನೋಟವೂ ಕೆಡುತ್ತದೆ. ಆದರೆ ಆ ಮಂದಿ ಹುಡುಕುವುದು ಆ ಅಕ್ಷರದಲ್ಲೇ, ಅದನ್ನು ಅಲ್ಲಗಳೆಯಲಾಗದು. ಅದಕ್ಕೆ `#kadakrotti` ಇದೆ. ಜಿಲ್ಲೆಗೆ 2014ರ ನವೆಂಬರ್ 1ರಿಂದ ಕಲಬುರಗಿ ಎಂಬ ಹೆಸರು ಮರಳಿ ಬಂದಿದೆ, ಕನ್ನಡದಲ್ಲಿ ನಾನು ಯಾವಾಗಲೂ ಹಾಗೆಯೇ ಬರೆಯುತ್ತೇನೆ. ಹೊರಗಿನವರ ಬೆರಳಿಗೆ ಮಾತ್ರ ಹಳೆಯ ಹೆಸರು ಇನ್ನೂ ಅಂಟಿಕೊಂಡಿದೆ. ಹುಡುಕುವವರಿಗಾಗಿ ಅದು ಹ್ಯಾಶ್‌ಟ್ಯಾಗಿನಲ್ಲಿ ಉಳಿಯಿತು.

ಬರಹ ಸಿದ್ಧವಾದ ಮೇಲೂ ಕನ್ನಡ ಕೆಡುವ ಒಂದು ಜಾಗವಿದೆ, ಡಿಟಿಪಿ ಕೆಲಸ ಮಾಡಿದವರಿಗೆ ಅದು ಚೆನ್ನಾಗಿ ಗೊತ್ತು. ನಮ್ಮ ಅಂಗಡಿಯ ಕಂಪ್ಯೂಟರಿನಲ್ಲಿ ನಾವು ಟೈಪು ಮಾಡುತ್ತಿದ್ದದ್ದು ನುಡಿಯ ಹಳೆಯ ಆಸ್ಕಿ ಫಾಂಟಿನಲ್ಲಿ. ಅದರಲ್ಲಿ ಒಳಗೆ ಕೂತಿರುವುದು ಇಂಗ್ಲಿಷಿನ ಅಕ್ಷರ ಮತ್ತು ಚಿಹ್ನೆಗಳೇ, ಫಾಂಟು ಅವುಗಳಿಗೆ ಕನ್ನಡದ ರೂಪ ಕೊಡುತ್ತದೆ, ಅಷ್ಟೇ. ಕಾಗದದ ಮೇಲೆ ಅಚ್ಚಾಗುವಾಗ ತೊಂದರೆಯಿಲ್ಲ. ಅದನ್ನೇ ನಕಲು ಮಾಡಿ ಫೋನಿಗೆ ಅಂಟಿಸಿದರೆ "ಕನ್ನಡ" ಎಂದು ಬರೆದದ್ದು `PÀ£ÀßqÀ` ಎಂದು ಕಾಣುತ್ತದೆ. ಜೇವರ್ಗಿಯ ಒಂದು ಬಟ್ಟೆ ಅಂಗಡಿಯವರು ಕರಪತ್ರ ಮಾಡಿಸಿದ ಕಡೆಯಿಂದಲೇ ಬರಹ ತಂದು ಫೋನಿಗೆ ಹಾಕಿಕೊಳ್ಳುತ್ತಿದ್ದರು, ಪ್ರತಿ ಸಲವೂ ಹೀಗೇ ಆಗುತ್ತಿತ್ತು. ಕನ್ನಡ ಫೋನಿಗೆ ಸರಿಹೋಗುವುದಿಲ್ಲ ಎಂದುಕೊಂಡು ಕೊನೆಗೆ ಇಂಗ್ಲಿಷ್ ಒಂದನ್ನೇ ಹಾಕತೊಡಗಿದ್ದರು. ಅದನ್ನು ನೋಡಿ ನನಗೆ ಬಹಳ ಸಂಕಟವಾಯಿತು. ಯೂನಿಕೋಡಿಗೆ ಬದಲಿಸಿಕೊಂಡರೆ ಮುಗಿಯಿತು, ಬದಲಿಸುವ ತಂತ್ರಾಂಶ ಬಿಟ್ಟಿಯಾಗಿ ಸಿಗುತ್ತದೆ. ಬದಲಾದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಒಮ್ಮೆ ಕಣ್ಣಿಟ್ಟು ನೋಡಿಕೊಳ್ಳಬೇಕು. ಎರಡು ಸಾಲಿನ ಬರಹವಾದರೆ ಬದಲಿಸುವ ಗೋಜೂ ಬೇಡ, ಫೋನಿನ ಕೀಲಿಮಣೆಯಲ್ಲೇ ಹೊಸದಾಗಿ ಬರೆದುಬಿಡುವುದು ಒಳ್ಳೆಯದು.

ಆ ಜೇವರ್ಗಿಯ ಅಂಗಡಿಯದು ರೊಟ್ಟಿಯ ಅಂಗಡಿಗಿಂತ ಬೇರೆ ಸಮಸ್ಯೆ. ಸೀರೆಯ ಪೋಸ್ಟಿನಲ್ಲಿ ಬರಹವೆಲ್ಲ ಚಿತ್ರದ ಮೇಲೇ ಇರುತ್ತಿತ್ತು. ಇಳಕಲ್ ಸೀರೆಯ ಸೆರಗು ಹರಡಿ ತೆಗೆದ ಚೆಂದದ ಫೋಟೋ, ಅದರ ಮೇಲೆ ನಾಲ್ಕೂ ಮೂಲೆಗೆ ಎರಡೂ ಭಾಷೆಯ ಅಕ್ಷರ. ಸೆರಗಿನ ತೆನೆಯೇ ಕಾಣದ ಮೇಲೆ ಇಳಕಲ್ ಸೀರೆ ಎಂದು ತೋರಿಸುವುದೇನು? ನಾನು ಬರಹವನ್ನು ಸೀರೆಯ ಮೇಲಿನಿಂದ ತೆಗೆದು ಕೆಳಗೆ ಒಂದು ಖಾಲಿ ಪಟ್ಟಿಗೆ ಇಳಿಸಿದೆ, ಮೇಲೆ ಕನ್ನಡ ಒಂದು ಸಾಲು, ಕೆಳಗೆ ಇಂಗ್ಲಿಷ್ ಒಂದು ಸಾಲು.

ಆ ಎರಡು ಸಾಲನ್ನು ಹೊಂದಿಸುವುದರಲ್ಲೇ ಕೆಲಸವೆಲ್ಲ ಇತ್ತು. ಇಂಗ್ಲಿಷಿಗೆ ದೊಡ್ಡಕ್ಷರ, ಸಣ್ಣಕ್ಷರ ಎಂದು ಎರಡಿವೆ, ಕನ್ನಡಕ್ಕೆ ಅದಿಲ್ಲ. ಎರಡನ್ನೂ ಒಂದೇ ಅಳತೆಯಲ್ಲಿಟ್ಟು ಇಂಗ್ಲಿಷನ್ನು ಪೂರ್ತಿ ದೊಡ್ಡಕ್ಷರದಲ್ಲಿ ಬರೆದರೆ ಕೆಳಗಿನ ಸಾಲೇ ಮೊದಲು ಕಣ್ಣಿಗೆ ಹೊಡೆಯುತ್ತದೆ, ಮೇಲಿನ ಕನ್ನಡ ಸೋತಂತೆ ಕಾಣುತ್ತದೆ. ದೊಡ್ಡಕ್ಷರವನ್ನು ಸಾಲಿನ ಮೊದಲಿಗೆ ಮಾತ್ರ ಉಳಿಸಿ, ಇಂಗ್ಲಿಷಿನ ಅಳತೆಯನ್ನು ಕನ್ನಡದ ಮುಕ್ಕಾಲಿಗೆ ಇಳಿಸಿದಾಗ ಎರಡೂ ತಮ್ಮ ತಮ್ಮ ಜಾಗದಲ್ಲಿ ಕೂತವು. ಸಾಲುಗಳ ನಡುವಿನ ಅಂತರವನ್ನು ಮಾತ್ರ ಕನ್ನಡಕ್ಕೆ ನೋಡಿ ಇಡಬೇಕು. ಕನ್ನಡದ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ, ಗುಡಿಸು ಮೇಲೇರುತ್ತದೆ. ಇಂಗ್ಲಿಷಿಗೆ ಸಾಕಾಗುವ ಅಂತರದಲ್ಲಿ "ಹಬ್ಬದ" ಎಂಬುದರ ಒತ್ತು ಕೆಳಗಿನ ಸಾಲಿಗೆ ತಾಗುತ್ತದೆ. ಅಕ್ಷರದ ಎತ್ತರದ ಒಂದೂವರೆ ಪಟ್ಟು ಅಂತರ ಇಟ್ಟರೆ ತಾಗುವುದಿಲ್ಲ. ಹಳೆಯ ಚಿತ್ರ ತಂತ್ರಾಂಶಗಳಲ್ಲಿ ಒತ್ತು ಬಿಡಿಬಿಡಿಯಾಗಿ ಪಕ್ಕಕ್ಕೆ ಬಂದು ಕೂರುವುದೂ ಉಂಟು. ಬೆಳಿಗ್ಗೆ ಪೋಸ್ಟ್ ಹಾಕುವ ಮುಂಚೆ ಒತ್ತಕ್ಷರ ಇರುವ ಪದಗಳನ್ನಷ್ಟೇ ಬೆರಳಿಟ್ಟು ನೋಡಿದರೆ ಈ ಎರಡೂ ದೋಷ ಸಿಕ್ಕಿಬಿಡುತ್ತವೆ. ಎರಡು ಲಿಪಿಗೂ ಒಂದೇ ಕುಟುಂಬದ ಫಾಂಟು ಹಾಕಿದರೆ ದಪ್ಪ, ತೆಳುವು ತಾವಾಗಿ ಹೊಂದುತ್ತವೆ. ನಾನು ಹೆಚ್ಚಾಗಿ ಬಳಸಿದ್ದು ಬಾಲೂ ತಮ್ಮ ಮತ್ತು ಅನೇಕ್ ಕನ್ನಡ. ಎರಡರಲ್ಲೂ ಕನ್ನಡದ ಜೊತೆ ಅದಕ್ಕೆ ಒಪ್ಪುವ ಇಂಗ್ಲಿಷ್ ಅಕ್ಷರಗಳನ್ನೂ ಬರೆದಿಟ್ಟಿದ್ದಾರೆ, ಎರಡೂ ಬಿಟ್ಟಿಯಾಗಿ ಸಿಗುತ್ತವೆ.

ಸೀರೆಯಲ್ಲಿಯೂ ರೊಟ್ಟಿಯ ಹಾಗೆ ಪ್ರಶ್ನೆಗಳನ್ನು ಹಂಚಿದೆವು. ಊರ ಹೆಣ್ಣುಮಕ್ಕಳು ಕೇಳುವುದು ದಡಿ ಯಾವುದು, ಎಂಟು ವಾರದ್ದು ಇದೆಯೋ, ಜೊತೆಗೆ ಖಣ ಸಿಗುತ್ತದೋ ಎಂದು. ದೂರದವರಿಗೆ ಬೇಕಾದ್ದು ಒಡಲು ಹತ್ತಿಯದೋ, ಸೆರಗು ರೇಷ್ಮೆಯದೋ ಅಥವಾ ಕೃತಕ ರೇಷ್ಮೆಯದೋ ಅನ್ನುವ ಖಚಿತ ಮಾತು. ಇಂಗ್ಲಿಷಿನ ಸಾಲಿನಲ್ಲಿ ಅದನ್ನು ಮುಚ್ಚುಮರೆಯಿಲ್ಲದೆ ಬರೆದ ಮೇಲೆ ತರಿಸಿಕೊಂಡು ವಾಪಸ್ ಕಳಿಸುವವರು ಕಡಿಮೆಯಾದರು.

ಅದೇ ಹೊತ್ತಿಗೆ ಅವರ ಅಂಗಡಿಯ ಹೊರಗಿನ ನಾಮಫಲಕವನ್ನೂ ಬದಲಿಸಬೇಕಾಗಿ ಬಂತು. 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮಕ್ಕೆ 2024ರಲ್ಲಿ ತಂದ ತಿದ್ದುಪಡಿಯ ಪ್ರಕಾರ ಅಂಗಡಿಗಳ ಫಲಕದಲ್ಲಿ ಶೇಕಡಾ 60ರಷ್ಟು ಕನ್ನಡ ಇರಬೇಕು, ಅದು ಮೇಲ್ಭಾಗದಲ್ಲಿರಬೇಕು. "ಮೊಬೈಲಿನ ಪೋಸ್ಟಿಗೂ ಇದ ಲೆಕ್ಕ ಅದ ಏನ್ರಿ ಸರ್?" ಎಂದು ಅಂಗಡಿಯ ಮಾಲೀಕರು ಕೇಳಿದರು. ಆ ನಿಯಮ ಇರುವುದು ನಾಮಫಲಕಕ್ಕೆ. ಆದರೂ ಅಷ್ಟು ಹೊತ್ತಿಗೆ ನಾವು ಚಿತ್ರದ ಪಟ್ಟಿಯಲ್ಲಿ ಕಣ್ಣಳತೆಯಿಂದ ಕಂಡುಕೊಂಡಿದ್ದ ಹೊಂದಾಣಿಕೆ ಹೆಚ್ಚುಕಡಿಮೆ ಅದೇ ಆಗಿತ್ತು, ಮೇಲೆ ದೊಡ್ಡದಾಗಿ ಕನ್ನಡ, ಕೆಳಗೆ ಸಣ್ಣದಾಗಿ ಇಂಗ್ಲಿಷ್. ಫಲಕ ಬರೆಯುವವರಿಗೆ ಆ ಪಟ್ಟಿಯನ್ನೇ ಮಾದರಿಯಾಗಿ ಕೊಟ್ಟೆವು.

ಎರಡು ಭಾಷೆಗೆ ಈ ಏರ್ಪಾಡು ಸಾಕಾಯಿತು. ನಮ್ಮ ಜಿಲ್ಲೆಗೆ ಎರಡು ಭಾಷೆ ಸಾಲುವುದಿಲ್ಲ. ಅಫಜಲಪುರ ತಾಲ್ಲೂಕಿನ ಗಾಣಗಾಪುರಕ್ಕೆ ದತ್ತಾತ್ರೇಯನ ದರ್ಶನಕ್ಕೆ ಬರುವವರಲ್ಲಿ ಮಹಾರಾಷ್ಟ್ರದವರು ಬಹಳ. ಅಲ್ಲಿಯ ಒಂದು ಅಂಗಡಿಗೆ ಅಕ್ಕನ ರೊಟ್ಟಿ, ಹಿಂಡಿ ಹೋಗತೊಡಗಿದಾಗ ಆ ಅಂಗಡಿಯವರು ಪೋಸ್ಟಿಗೆ ಮರಾಠಿಯನ್ನೂ ಸೇರಿಸಿ ಎಂದರು. ಮೂರು ತುಂಡಾದರೆ ಕೆಳಗಿನ ತುಂಡನ್ನು ಯಾರೂ ನೋಡುವುದಿಲ್ಲ ಎಂದು ನನಗೆ ಅನ್ನಿಸಿತ್ತು. ಅವರಿಗೆ ದತ್ತ ಜಯಂತಿಯ ಮುಂಚೆ ಬೇರೆಯದೇ ಪೋಸ್ಟ್ ಮಾಡಿದೆವು. ಅದರಲ್ಲಿ ಮೇಲೆ ಕನ್ನಡ ಒಂದು ಸಾಲು, ಕೆಳಗೆ ಮರಾಠಿ ಎರಡು ಸಾಲು, ಇಂಗ್ಲಿಷ್ ಇಲ್ಲ. ಭೀಮಾ ಅಮರ್ಜಾ ಸಂಗಮದಲ್ಲಿ ಮಿಂದು, ಮಧ್ಯಾಹ್ನದ ಮಾಧುಕರಿ ಮುಗಿಸಿ, ಊರಿಗೆ ಹೊರಡುವ ಮುಂಚೆ ಅಂಗಡಿಗೆ ಬರುವವರಿಗೆ ಕೊರಿಯರ್ ಮಾತು ಬೇಕಿಲ್ಲ. ದಾರಿಯಲ್ಲಿ ರೊಟ್ಟಿ ಮುರಿಯದ ಹಾಗೆ ಕಟ್ಟಿಕೊಡುತ್ತಾರೋ ಇಲ್ಲವೋ ಅನ್ನುವುದು ಅವರಿಗೆ ಮುಖ್ಯ. ಮರಾಠಿಯಲ್ಲಿ ಅದನ್ನೇ ಬರೆಸಿದೆವು.

ಉರ್ದುವಿನದು ಇನ್ನೂ ಬೇರೆ. ಆಳಂದ ಲಾಡ್ಲೆ ಮಶಾಯಕರ ದರ್ಗಾ ಇರುವ ಊರು, 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿ ಉರ್ದು ಕಚೇರಿಯ ಭಾಷೆಯಾಗಿದ್ದ ಸೀಮೆ. ಉರುಸಿಗೆ ಬರುವವರಿಗೆ ಸಜ್ಜಿ ರೊಟ್ಟಿಯ ಸುದ್ದಿ ಉರ್ದುವಿನಲ್ಲೂ ಹೋಗಬೇಕೆಂದು ಅಕ್ಕನಿಗೆ ಆಸೆ. ಅದೇ ಕ್ಯಾಪ್ಶನ್ನಿನ ಕೆಳಗೆ ಉರ್ದುವಿನ ಒಂದು ಸಾಲು ಸೇರಿಸಿ ನೋಡಿದೆವು. ಉರ್ದು ಬಲದಿಂದ ಎಡಕ್ಕೆ ಸಾಗುವ ಲಿಪಿ. ಸಾಲಿನಲ್ಲಿ ಮೊದಲು ಬರುವ ಅಕ್ಷರ ಯಾವ ಕಡೆಯದೋ ಅದನ್ನು ನೋಡಿ ಫೋನು ಇಡೀ ಸಾಲಿನ ದಿಕ್ಕು ಗೊತ್ತುಮಾಡುತ್ತದೆ. ಉರ್ದುವಿನ ಜೊತೆ ಒಂದೇ ಸಾಲಿನಲ್ಲಿ ದರ ಬರೆದರೆ ರೂಪಾಯಿಯ ಗುರುತು ಒಂದು ಕಡೆಗೆ, ಪೂರ್ಣವಿರಾಮ ಇನ್ನೊಂದು ಕಡೆಗೆ ಹಾರಿ ಕೂರುತ್ತದೆ. ದರವನ್ನು ಪ್ರತ್ಯೇಕ ಸಾಲಿಗೆ ಇಳಿಸಿದಾಗ ಅಂಕಿ ಸರಿಯಾಯಿತು, ಆದರೆ ಕನ್ನಡ ಎಡಕ್ಕೆ, ಉರ್ದು ಬಲಕ್ಕೆ ಜೋಲಿದ ಆ ಬರಹ ನೋಡಲು ಹರಿದಂತೆ ಇತ್ತು. ಅದನ್ನು ಬಿಟ್ಟು, ಓಣಿಯ ಉರ್ದು ಶಾಲೆಯ ಟೀಚರ್ ಒಬ್ಬರಿಂದ ಕೈಬರಹದಲ್ಲಿ ಎರಡು ಸಾಲು ಬರೆಸಿಕೊಂಡು, ಸಜ್ಜಿ ರೊಟ್ಟಿಯ ಬುಟ್ಟಿಯ ಪಕ್ಕ ಆ ಕಾಗದ ಇಟ್ಟು ಫೋಟೋ ತೆಗೆದೆವು. ಚಿತ್ರದಲ್ಲಿ ಉರ್ದು, ಕೆಳಗೆ ಕನ್ನಡದ ಒಂದು ಸಾಲು ಮತ್ತು ದರ. ಉರುಸಿನ ದಿನಗಳಲ್ಲಿ ಅಕ್ಕ ಈಗಲೂ ಇದೇ ರೀತಿ ಮಾಡುತ್ತಾಳೆ, ಕಾಗದ ಮಾತ್ರ ಪ್ರತಿ ವರ್ಷ ಹೊಸದಾಗಿ ಬರೆಸುತ್ತಾಳೆ.